ಎರಡು ಕಾಲಂಗೆ ಎರಡು ಇಂಡೆಕ್ಸ್ ಇದ್ದರೆ ಸಾಕೆ?

ಇಂದು ಡೇಟಾಬೇಸ್ ವಿನ್ಯಾಸದ ಚರ್ಚೆಯೊಂದರಲ್ಲಿ ಮತ್ತದೇ ಮಾತು ಕೇಳಿದೆ: "ಪ್ರತಿ ಕಾಲಂಗೂ ಇಂಡೆಕ್ಸ್ ಇದೆಯಲ್ಲ, ಎರಡನ್ನೂ ಸೇರಿಸಿ ಹುಡುಕಿದರೂ ವೇಗವಾಗಿಯೇ ಬರುತ್ತದೆ." ಈ ವಿಷಯ ಬಂದರೆ ನಾನು ಸುಮ್ಮನಿರುವುದಿಲ್ಲ ಎಂದು ಇಲ್ಲಿನ ಗೆಳೆಯರಿಗೆಲ್ಲ ಗೊತ್ತು. ಸಭೆಯಲ್ಲಿ ಒಬ್ಬರೂ ಲೆಕ್ಕ ಹಾಕಿ ನೋಡಲಿಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಆ ಲೆಕ್ಕವನ್ನು ಇಲ್ಲಿ ಹಾಕುತ್ತೇನೆ.

ನಕ್ಷೆಯೊಂದರ ಮೇಲೆ 10 ಲಕ್ಷ ಬಿಂದುಗಳು ಸಮನಾಗಿ ಹರಡಿವೆ, x ಮತ್ತು y ಎರಡೂ 0ಯಿಂದ 1000ದವರೆಗೆ ಇವೆ ಎಂದುಕೊಳ್ಳಿ. ಒಂದು ಪುಟಕ್ಕೆ 100 ದಾಖಲೆಯಂತೆ ಡಿಸ್ಕಿನಲ್ಲಿ ಒಟ್ಟು 10,000 ಪುಟಗಳು. ನಮಗೆ ಬೇಕಾದದ್ದು x ಮತ್ತು y ಎರಡೂ 450ರಿಂದ 550ರೊಳಗೆ ಇರುವ ಬಿಂದುಗಳು. x ಇಂಡೆಕ್ಸ್ ಸುಮಾರು 1 ಲಕ್ಷ ಪಾಯಿಂಟರ್ ಕೊಡುತ್ತದೆ, y ಇಂಡೆಕ್ಸ್ ಇನ್ನೊಂದು ಲಕ್ಷ. ಎರಡರಲ್ಲೂ ಇರುವವನ್ನು ಆರಿಸಿದರೆ ಉಳಿಯುವುದು 10,000. ಇಲ್ಲಿಯವರೆಗೆ ತೊಂದರೆಯಿಲ್ಲ, ತೊಂದರೆ ಇರುವುದು ಆ ದಾಖಲೆಗಳನ್ನು ತರುವಲ್ಲಿ. ಅವು ಕಡತದ ತುಂಬ ಚದುರಿರುವುದರಿಂದ ಸುಮಾರು 6,300 ಪುಟಗಳನ್ನು ಮುಟ್ಟಬೇಕಾಗುತ್ತದೆ. ನೂರರಲ್ಲಿ ಒಂದು ಪಾಲು ಉತ್ತರಕ್ಕಾಗಿ ಕಡತದ ಮೂರರಲ್ಲಿ ಎರಡು ಪಾಲಿನಷ್ಟು ಓದು! ಪೋಸ್ಟ್‌ಗ್ರೆಸ್ ಬಳಸುವವರು `EXPLAIN ANALYZE` ಹಾಕಿ ನೋಡಿ: `BitmapAnd` ಬಂದು, ಅದರ ಮೇಲಿನ `Heap Blocks` ಸಂಖ್ಯೆ ಟೇಬಲಿನ ಒಟ್ಟು ಪುಟಗಳ ಹತ್ತಿರಕ್ಕೆ ಏರಿದ್ದರೆ ಇದೇ ರೋಗ.

"ಹಾಗಾದರೆ (x, y) ಎಂದು ಜಂಟಿ ಇಂಡೆಕ್ಸ್ ಮಾಡಿ" ಎನ್ನುವವರಿದ್ದಾರೆ. x ಒಂದೇ ಬೆಲೆಗೆ ನಿಂತಿರುವಾಗ ಅದು ಸರಿಯಾದ ಸಲಹೆ. ಆದರೆ x ಒಂದು ವ್ಯಾಪ್ತಿಯಾದಾಗ ಆ ಇಡೀ ಪಟ್ಟಿಯನ್ನು ಓದಿ y ಹೊಂದದವನ್ನು ಬಿಡುತ್ತ ಹೋಗಬೇಕು. ಕಡತವನ್ನೇ ಆ ಕ್ರಮದಲ್ಲಿ ಜೋಡಿಸಿಟ್ಟರೂ 1,000 ಪುಟಗಳ ಓದು ತಪ್ಪುವುದಿಲ್ಲ. ಇನ್ನು y ಒಂದನ್ನೇ ಕೇಳಿದರೆ ಆ ಜೋಡಣೆಯಿಂದ ಹೆಚ್ಚಿನ ಪ್ರಯೋಜನವಿಲ್ಲ.

1984ರಲ್ಲಿ ನೀವರ್‌ಗೆಲ್ಟ್, ಹಿಂಟರ್‌ಬರ್ಗರ್ ಮತ್ತು ಸೆವ್ಚಿಕ್ ವಿವರಿಸಿದ ಗ್ರಿಡ್ ಫೈಲ್ ಎರಡೂ ಅಕ್ಷಗಳನ್ನು ಸಮಾನವಾಗಿ ಕಾಣುತ್ತದೆ. ಪ್ರತಿ ಅಕ್ಷವನ್ನು ಎಲ್ಲೆಲ್ಲಿ ಕತ್ತರಿಸಿದೆ ಎಂಬ ಮಾಪಕಗಳು ಮೆಮೊರಿಯಲ್ಲಿರುತ್ತವೆ, ಯಾವ ಕೋಶಕ್ಕೆ ಯಾವ ಬಕೆಟ್ ಎಂಬ ಡೈರೆಕ್ಟರಿ ಡಿಸ್ಕಿನಲ್ಲಿರುತ್ತದೆ, ದಾಖಲೆಗಳು ಬಕೆಟ್‌ಗಳಲ್ಲಿರುತ್ತವೆ. ಹೀಗಾಗಿ ಒಂದು ಬಿಂದುವನ್ನು ಹುಡುಕಲು ಎರಡೇ ಡಿಸ್ಕ್ ಓದು ಸಾಕು. ನಮ್ಮ ನಕ್ಷೆಯನ್ನು 100 × 100 ಕೋಶಗಳಾಗಿ ಮಾಡಿ, ಪ್ರತಿ ಕೋಶಕ್ಕೆ ತುಂಬಿದ ಒಂದು ಪುಟವೆಂದು ಹಿಡಿದರೆ, ನಮ್ಮ ಪ್ರಶ್ನೆ ತಾಗುವುದು ಹೆಚ್ಚೆಂದರೆ 11 × 11, ಅಂದರೆ 121 ಬಕೆಟ್. ಬಕೆಟ್‌ಗಳು ಪೂರ್ತಿ ತುಂಬಿರದಿದ್ದರೆ ಇನ್ನಷ್ಟು ಹೆಚ್ಚಬಹುದು, ಆದರೆ 6,300ರ ಸನಿಹಕ್ಕೂ ಹೋಗದು. ಈ ಲಾಭವೆಲ್ಲ ಬಂದದ್ದು ನೆರೆಹೊರೆಯ ದಾಖಲೆಗಳು ಒಂದೇ ಪುಟದಲ್ಲಿ ಕೂತಿದ್ದರಿಂದ. ಬಕೆಟ್‌ನಲ್ಲಿ ಬರೀ ಪಾಯಿಂಟರ್ ಇಟ್ಟು ದಾಖಲೆಗಳನ್ನು ಹಿಂದಿನಂತೆಯೇ ಚದುರಿಸಿಟ್ಟರೆ ಲೆಕ್ಕ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಗ್ರಿಡ್ ಫೈಲ್ ಸೋಲುವ ಜಾಗವನ್ನೂ ಹೇಳಲೇಬೇಕು. ಆರ್ಡರ್ ಬಂದ ಸಮಯ ಮತ್ತು ಸರಕು ರವಾನೆಯಾದ ಸಮಯ ಎಂಬ ಎರಡು ಕಾಲಂಗಳನ್ನು ತೆಗೆದುಕೊಳ್ಳಿ. ಒಂದು ಇನ್ನೊಂದರ ಬೆನ್ನಿಗೇ ಬರುವುದರಿಂದ ಬಿಂದುಗಳೆಲ್ಲ ಕರ್ಣರೇಖೆಯ ಮೇಲೆ ಸಾಲುಗಟ್ಟುತ್ತವೆ. ಒಂದು ಬಕೆಟ್ ತುಂಬಿದಾಗ ಹಾಕುವ ಗೆರೆ ಆ ಬಕೆಟ್‌ಗಷ್ಟೇ ಸೀಮಿತವಾಗದೆ, ಡೈರೆಕ್ಟರಿಯ ಈ ತುದಿಯಿಂದ ಆ ತುದಿಯವರೆಗೂ ಹಾಯುತ್ತದೆ. ಅಕ್ಷಗಳನ್ನು ಸರದಿಯಂತೆ ಕತ್ತರಿಸುತ್ತ 10,000 ಬಕೆಟ್ ಆಗುವ ಹೊತ್ತಿಗೆ ಪ್ರತಿ ಅಕ್ಷಕ್ಕೆ ಸುಮಾರು 5,000 ವಿಭಾಗಗಳಾಗಿ, ಡೈರೆಕ್ಟರಿಯಲ್ಲಿ 2.5 ಕೋಟಿ ಕೋಶಗಳು ನಿಲ್ಲುತ್ತವೆ. ಅವುಗಳಲ್ಲಿ ಬಹುಪಾಲು ಖಾಲಿ ಜಾಗವನ್ನೇ ಕಾಯುತ್ತಿರುತ್ತವೆ.

ಜಾನ್ ಬೆಂಟ್ಲಿ 1975ರಲ್ಲಿ ಕೊಟ್ಟ ಕೆ-ಡಿ ಟ್ರೀ ನನಗೆ ಪ್ರಿಯವಾದದ್ದು ಇಲ್ಲಿಯೇ. ಒಂದು ಮಟ್ಟದಲ್ಲಿ xನಿಂದ, ಮುಂದಿನದರಲ್ಲಿ yಯಿಂದ ಕತ್ತರಿಸುವ ಈ ಮರದಲ್ಲಿ ಪ್ರತಿ ಗೆರೆಯೂ ತನ್ನ ತುಂಡಿನೊಳಗೇ ನಿಲ್ಲುತ್ತದೆ. ದಾಖಲೆಗಳನ್ನು ಎಲೆಗಳಲ್ಲಿಟ್ಟರೆ, 10,000 ಎಲೆಪುಟಗಳಿಗೆ 9,999 ಒಳಗಂಟುಗಳು. ದತ್ತಾಂಶ ಕರ್ಣದ ಮೇಲಿರಲಿ, ಹರಡಿರಲಿ, ಈ ಸಂಖ್ಯೆ ಬದಲಾಗದು. ನಮ್ಮ ಸಮನಾದ ನಕ್ಷೆಯಲ್ಲಿ x ಒಂದಕ್ಕೇ ಬೆಲೆ ಕೊಟ್ಟು ಕೇಳಿದರೂ, y ಮಟ್ಟಗಳಲ್ಲಿ ಮಾತ್ರ ಎರಡೂ ಕೊಂಬೆ ಹಿಡಿಯಬೇಕಾದ್ದರಿಂದ, ಸುಮಾರು 100 ಎಲೆಗಳಲ್ಲಿ ಉತ್ತರ ಮುಗಿಯುತ್ತದೆ.

ಇದಕ್ಕೂ ಮಿತಿಗಳಿವೆ. ದಾಖಲೆಗಳು ಏರಿಕೆಯ ಕ್ರಮದಲ್ಲಿ ಒಂದೊಂದಾಗಿ ಬಂದರೆ ಮರ ಒಂದೇ ಬದಿಗೆ ವಾಲಿ ಆಳ ಹೆಚ್ಚುತ್ತದೆ, ಆಗ ನಡುಬೆಲೆ ಹಿಡಿದು ಮತ್ತೆ ಕಟ್ಟಬೇಕು. ಕಾಲಂಗಳು ಹತ್ತಾದರೆ ತೊಂದರೆ ಬೇರೆಯದು: 10,000 ಎಲೆಗಳ ಸಮತೂಕದ ಮರದ ಆಳ 14 ಮಟ್ಟ ಮಾತ್ರ, ಆದ್ದರಿಂದ ಹೆಚ್ಚಿನ ಕಾಲಂಗಳ ಪಾಲಿಗೆ ಒಂದೇ ಒಂದು ಕತ್ತರಿಕೆ ಬರುತ್ತದೆ. ಅಂಥ ಕಾಲಂ ಮೇಲೆ ಎಷ್ಟೇ ಕಿರಿದಾದ ವ್ಯಾಪ್ತಿ ಕೇಳಿದರೂ ಮರ ಅರ್ಧಕ್ಕಿಂತ ಹೆಚ್ಚು ಎಲೆಗಳನ್ನು ತಳ್ಳಿಹಾಕಲಾರದು.