ಸೈಕಲ್ ಲೆಕ್ಕ ಬೇರೆ, ಪರಿಣಾಮದ ಲೆಕ್ಕ ಬೇರೆ

"ಸರ್ಕಾರಿ ಯೋಜನೆಗಳ ಬಗ್ಗೆ ಪ್ರತಿ ತಿಂಗಳೂ ಪ್ರಗತಿ ವರದಿ ಬರುತ್ತಲ್ಲ, ಪರಿಣಾಮ ಅಳೆಯಲು ಮತ್ತೆ ಪ್ರತ್ಯೇಕ ಅಧ್ಯಯನ ಯಾಕೆ?" ಅಂತ ಕೇಳುವವರಿದ್ದಾರೆ.

ಬಿಹಾರದ ಸೈಕಲ್ ಯೋಜನೆ ನೋಡಿ. 2006ರಲ್ಲಿ ಶುರುವಾಯಿತು. ಒಂಬತ್ತನೇ ತರಗತಿ ಸೇರಿದ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟರು. ಹಣ ತಲುಪಿತೇ, ಸೈಕಲ್ ಕೊಂಡರೇ ಅನ್ನುವುದನ್ನು ತಿಂಗಳ ವರದಿ ಹೇಳುತ್ತದೆ. ಎಲ್ಲಿ ತಡವಾಗಿದೆ ಅಂತ ಗೊತ್ತಾದರೆ ಕೂಡಲೇ ಸರಿಪಡಿಸಬಹುದು. ಅದು ಬೇಕೇ ಬೇಕು.

ಆದರೆ ಸೈಕಲ್ ಇಲ್ಲದಿದ್ದರೂ ಆ ಹುಡುಗಿಯರು ಶಾಲೆ ಸೇರುತ್ತಿದ್ದರಾ? ಆಗ ಬಿಹಾರದಲ್ಲಿ ಬೇರೆ ಬದಲಾವಣೆಗಳೂ ಆಗುತ್ತಿದ್ದವು. ದಾಖಲಾತಿ ಏರಿದ್ದನ್ನೆಲ್ಲ ಸೈಕಲ್ ಲೆಕ್ಕಕ್ಕೆ ಬರೆದರೆ ತಪ್ಪಾಗುತ್ತದೆ. ಅದಕ್ಕೇ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಮನೆಮನೆ ಸಮೀಕ್ಷೆಯ ಅಂಕಿಅಂಶ ತೆಗೆದುಕೊಂಡರು. ಸೈಕಲ್ ಸಿಗುವ ವಯಸ್ಸಿನ ಹುಡುಗಿಯರನ್ನು ಅವರಿಗಿಂತ ಸ್ವಲ್ಪ ದೊಡ್ಡವರ ಜೊತೆ ಹೋಲಿಸಿದರು. ಅದೇ ವ್ಯತ್ಯಾಸವನ್ನು ಹುಡುಗರಲ್ಲಿ ನೋಡಿ ಕಳೆದರು. ಆಮೇಲೆ, 2000ದವರೆಗೂ ಬಿಹಾರದ್ದೇ ಭಾಗವಾಗಿದ್ದ ಜಾರ್ಖಂಡ್‌ನಲ್ಲೂ ಇದೇ ಲೆಕ್ಕ ಹಾಕಿ ಅದನ್ನೂ ಕಳೆದರು. ಉಳಿದದ್ದು ಹುಡುಗಿಯರ ಪ್ರೌಢಶಾಲಾ ದಾಖಲಾತಿಯಲ್ಲಿ ಸುಮಾರು 32% ಏರಿಕೆ. ಅದೂ ಜಾಸ್ತಿ ಕಂಡದ್ದು ಪ್ರೌಢಶಾಲೆ ದೂರ ಇರುವ ಹಳ್ಳಿಗಳಲ್ಲಿ. ಸೈಕಲ್‌ನಿಂದಲೇ ಆಗಿದ್ದರೆ ಹಾಗೇ ಇರಬೇಕು, ಅಲ್ವಾ? ನನಗೆ ತುಂಬಾ ಹಿಡಿಸಿದ ಪುರಾವೆ ಇದು.

ಇಂಥ ಅಧ್ಯಯನ ಪ್ರತಿ ತಿಂಗಳು ಆಗುವುದಿಲ್ಲ, ಪ್ರತಿ ಯೋಜನೆಗೂ ಬೇಕಿಲ್ಲ. ಹಣವೇ ತಲುಪದ ಕಡೆ ಮಾಡುವುದಂತೂ ಸುಮ್ನೆ ಖರ್ಚು. ಮಾಡುವುದಾದರೆ ಯೋಜನೆ ಶುರುವಾಗುವ ಮುಂಚೆಯೇ ಯಾರ ಜೊತೆ ಹೋಲಿಸುತ್ತೇವೆ ಅಂತ ಯೋಚಿಸಿಡಬೇಕು. ಎಲ್ಲರಿಗೂ ಒಟ್ಟಿಗೆ ಕೊಟ್ಟುಬಿಟ್ಟ ಮೇಲೆ ಹೋಲಿಕೆಗೆ ಯಾರನ್ನು ಹುಡುಕುವುದು?