ದ್ರಾಕ್ಷಿ ಲೋಡು ಮತ್ತು ಹತ್ತು ಪಟ್ಟು ಬಾಡಿಗೆ

ವಿಜಯಪುರದ ನಮ್ಮ ಕಾಕಾ ಒಂದು ಲಾರಿ ಇಟ್ಟಿದ್ದಾರೆ. ಕಳೆದ ವರ್ಷ 600 ಬಾಕ್ಸ್ ಒಣದ್ರಾಕ್ಷಿ ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದರು. ಬಾಕ್ಸಿಗೆ 15 ಕೆಜಿ, ಬಾಡಿಗೆ 28,000 ರೂಪಾಯಿ. ರಾತ್ರಿ ಡಾಬಾ ಎದುರು ಡ್ರೈವರ್ ಮಲಗಿದ್ದಾಗ ಯಾರೋ ತಾಡಪತ್ರಿ ಹಗ್ಗ ಕೊಯ್ದು 120 ಬಾಕ್ಸ್ ಎತ್ತಿಕೊಂಡು ಹೋದರು. ಕೆಜಿಗೆ 150 ರೂಪಾಯಿ ಅಂದರೂ 2,70,000 ರೂಪಾಯಿ ಮಾಲು.

"ಬಿಲ್ಟಿ ಮ್ಯಾಲ ಓನರ್ ರಿಸ್ಕ್ ಅಂತ ಸಿಕ್ಕಾ ಐತೆಲ್ಲೋ ತಮ್ಮಾ, ನಾ ಯಾಕ ಕೊಡ್ಲಿ?" ಎಂದು ಕಾಕಾ ಫೋನಿನಲ್ಲಿ ಕೇಳಿದರು. ನಾನು ಜರ್ಮನಿಯಲ್ಲಿ ಸಾಗಣೆ ಕಂಪನಿಯ ಕ್ಲೇಮ್ ವಿಭಾಗದಲ್ಲಿದ್ದೇನೆ, ಅದಕ್ಕೇ ನನ್ನನ್ನು ಕೇಳಿದ್ದು.

ಬಿಲ್ಟಿ ಅಂದರೆ ಮಾಲು ಬುಕ್ ಮಾಡಿದ ರಸೀದಿ. ನಷ್ಟವಾದರೆ ಮಾಲಿನ ಮಾಲಕನೇ ಹೊಣೆ ಎನ್ನುವ ಆ ಸಿಕ್ಕಾಕ್ಕೆ ಕಾಕಾ ಅಂದುಕೊಂಡಷ್ಟು ಬಲ ಇಲ್ಲ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಲಾರಿಯವರ ತಪ್ಪನ್ನು ವ್ಯಾಪಾರಿ ಸಾಬೀತು ಮಾಡಬೇಕಿಲ್ಲ, ಮಾಲು ಹೋಗಿದೆ ಎಂದು ತೋರಿಸಿದರೆ ಸಾಕು. ಪ್ರಕೃತಿ ವಿಕೋಪ, ಯುದ್ಧ, ದಂಗೆ, ಸರ್ಕಾರದ ಜಪ್ತಿಯಂಥವಕ್ಕೆ ವಿನಾಯಿತಿ ಇದೆ. ಸಾದಾ ಕಳ್ಳತನಕ್ಕೆ ಇಲ್ಲ. ಬುಕ್ ಮಾಡಿದ 180 ದಿನದೊಳಗೆ ವ್ಯಾಪಾರಿ ಲಿಖಿತ ನೋಟಿಸ್ ಕೊಡಬೇಕು, ಅಷ್ಟೇ.

ಆದರೆ ಮಿತಿ ಒಂದಿದೆ. ಹೆಚ್ಚು ಹೊಣೆ ಹೊರಲು ಲಾರಿಯವರು ಹಾಕುವ ಹೆಚ್ಚಿನ ರಿಸ್ಕ್ ದರ ಕೊಡಲು ವ್ಯಾಪಾರಿ ಮೊದಲೇ ಒಪ್ಪಿರದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟು ದಾಟುವುದಿಲ್ಲ. ಕಾಕಾಗೆ ಅದು 2,80,000. ಅಂದರೆ ಹೋದ ಮಾಲಿನ ಪೂರ್ತಿ ದುಡ್ಡು! ಅದೇ ಲೋಡು ಸೊಲ್ಲಾಪುರಕ್ಕೆ 9,000 ಬಾಡಿಗೆಗೆ ಹೋಗಿದ್ದರೆ ಮಿತಿ 90,000 ಮಾತ್ರ. ಕಳ್ಳನಿಗೆ ಕಿಲೋಮೀಟರ್ ಲೆಕ್ಕ ಇರುತ್ತದೆಯೇ? ಮಾಲು ಅದೇ, ಬಾಕ್ಸ್ ಅದೇ. ಹತ್ತಿರದ ಊರಿಗೆ ಕಳಿಸಿದವನಿಗೆ ಮಾತ್ರ ನಷ್ಟ ಜಾಸ್ತಿ. ನನಗೆ ಇದು ಸರಿ ಅನಿಸುವುದಿಲ್ಲ.

ಇಲ್ಲಿ ಜರ್ಮನಿಯಲ್ಲಿ ಮಿತಿ ಹಾಕುವುದು ತೂಕದ ಮೇಲೆ. ಕೆಜಿಗೆ 8.33 ಎಸ್‌ಡಿಆರ್ ಎಂಬ ಐಎಂಎಫ್‌ನ ಲೆಕ್ಕದ ಘಟಕ, ಅಂದಾಜು 10 ಯೂರೊ. ದ್ರಾಕ್ಷಿಯಂಥ ಮಾಲಿಗೆ ಪೂರ್ತಿ ಬೆಲೆ ಸಿಗುತ್ತದೆ. ಹತ್ತು ಕೆಜಿ ಮೊಬೈಲ್ ಬಾಕ್ಸ್ ಹೋದರೆ ನೂರು ಯೂರೊ ಮಾತ್ರ, ಅಲ್ಲಿ ಈ ಪದ್ಧತಿಯೂ ಸೋಲುತ್ತದೆ. ಆದರೂ ಒಂದು ವಿಷಯಕ್ಕೆ ನಾನು ಇಲ್ಲಿನ ಪಕ್ಷ. ದೊಡ್ಡ ಲಾರಿಯವರು ಮಾಲಿನ ಹೊಣೆಗೆ ಪ್ರತಿ ಘಟನೆಗೆ ಕನಿಷ್ಠ 6 ಲಕ್ಷ ಯೂರೊ ವಿಮೆ ಮಾಡಿಸಲೇಬೇಕು. ಹಾಗಾಗಿ ನಷ್ಟ ಒಬ್ಬನೇ ಮಾಲಕನ ಕೊರಳಿಗೆ ಬೀಳುವುದಿಲ್ಲ.

ಕಾಕಾ ಹತ್ತಿರ ಇದ್ದದ್ದು ಲಾರಿಯ ವಿಮೆ. ಅದರಲ್ಲಿ ತುಂಬಿದ ಮಾಲು ಬರುವುದಿಲ್ಲ. ಬಿಲ್ಟಿ ಕೊಟ್ಟ ಏಜೆಂಟನ ಮೇಲೆ ವ್ಯಾಪಾರಿ ಬಿದ್ದ, ಏಜೆಂಟ ಕಾಕಾನ ಮುಂದಿನ ಬಾಡಿಗೆಗಳನ್ನೆಲ್ಲ ಹಿಡಿದಿಟ್ಟ. ನೋಟಿಸೂ ಇಲ್ಲ, ಕೋರ್ಟೂ ಇಲ್ಲ. ನಮ್ಮಲ್ಲಿ ಕಾಯ್ದೆ ಹೀಗೇ ನಡೆಯುತ್ತದೆ.

ಈಗ ಕಾಕಾ ಸಾಗಣೆದಾರರ ಹೊಣೆ ವಿಮೆ ಕೇಳುತ್ತಿದ್ದಾರೆ. ಇದರಲ್ಲಿ ಸಾಮಾನ್ಯವಾಗಿ ಲಾರಿ ಅಪಘಾತ, ಬೆಂಕಿಯಿಂದ ಆದ ನಷ್ಟಕ್ಕೆ ರಕ್ಷಣೆ ಇರುತ್ತದೆ, ಕಳ್ಳತನವನ್ನು ಬೇರೆಯಾಗಿ ಸೇರಿಸಬೇಕಾಗಬಹುದು. ಮೊನ್ನೆ ಪಾಲಿಸಿ ಕಾಗದದ ಫೋಟೊ ಕಳಿಸಿದ್ದರು. ಅಪಘಾತ, ಬೆಂಕಿ, ಲಾರಿ ಮಗುಚುವುದು ಎಲ್ಲ ಇತ್ತು. ಕಳ್ಳತನ ಎಲ್ಲೂ ಇರಲಿಲ್ಲ. "ಸಹಿ ಮಾಡಬ್ಯಾಡ್ರಿ ಕಾಕಾ" ಎಂದೆ.