ಟ್ರಿಗರ್ ಆಗೇತಿ ಅಂದ್ರ ಮಾರಾಟ ಆಗೇತಿ ಅಂತಲ್ರೀ!

ಬ್ರೋಕರ್ ಆ್ಯಪ್‌ಗಳ ಮ್ಯಾಲ ಸಿಟ್ಟು ನೆತ್ತಿಗೇರೇತಿ, ಅದಕ್ಕ ಬರೀಲಿಕತ್ತೀನಿ. ಓಸಿಓ ಆರ್ಡರ್, ಅಂದ್ರ ಲಾಭದ ಟಾರ್ಗೆಟ್ಟು, ಲುಕ್ಸಾನ ತಡಿಯೂ ಸ್ಟಾಪು ಎರಡೂ ಕೂಡೇ ಇಟ್ಟು, ಒಂದು ನಡದ್ರ ಇನ್ನೊಂದು ರದ್ದಾಗೂ ಆರ್ಡರ್, ಹಾಕಿದ ಕೂಡಲೇ ಹಸಿರು ಗುರುತು ತೋರಸ್ತಾರ, ನಿಮ್ಮ ರೊಕ್ಕಕ್ಕ ಇನ್ನ ಯಾವ ಭಯಾನೂ ಇಲ್ಲ ಅನ್ನೂಹಂಗ. ಬೆಳಗಾವಿ ಖಡೇಬಜಾರದಾಗ ಗಲ್ಲೇ ಮ್ಯಾಲ ಕುಂತ ಮಂದಿ ಮುಂಜಾನೆ 9:15 ರಿಂದ 3:30 ರ ತನಕ ಸ್ಕ್ರೀನ್ ನೋಡಕೋತ ಕುಂದ್ರಾಕ ಆಗತೈತೇನ್ರೀ? ಆ ಹಸಿರು ಗುರುತು ನಂಬಿ ಗಿರಾಕಿ ಕಡೆ ತಿರುಗತಾರ. ನಿಫ್ಟಿ ಆಪ್ಷನ್ನಿನ್ಯಾಗ ಹೆಚ್ಚಾಗಿ ನಡದು ಹೋಗತೈತಿ. ಸ್ಟಾಕ್ ಆಪ್ಷನ್ನಿನ್ಯಾಗ, ಅದೂ ಸ್ಟ್ರೈಕ್ ಸ್ಟಾಕಿನ ರೇಟಿನಿಂದ ಒಂದೀಟು ದೂರ ಇತ್ತಂದ್ರ, ಅದ ಆರ್ಡರ್ ಕೈ ಕೊಡತೈತಿ.

ಒಂದು ಲೆಕ್ಕಾ ಹಿಡೀರಿ. 500 ರ ಲಾಟ್, 20 ರೂಪಾಯಿಗೆ ಕಾಲ್ ತಗೊಂಡಾರ. ಓಸಿಓದಾಗ ಟಾರ್ಗೆಟ್ 30, ಸ್ಟಾಪ್ ಟ್ರಿಗರ್ 14, ಮಾರೂ ಲಿಮಿಟ್ 13.50, ಅಂದ್ರ ಅದಕ್ಕಿಂತ ಕಡಿಮಿಗೆ ಮಾರಂಗಿಲ್ಲ. ಮಾರ್ಕೆಟ್ ಡೆಪ್ತ್ ತೆಗದ್ರ 13 ಕ್ಕ ಒಬ್ಬ ಕೊಳ್ಳಾವ, ಅವಂದೂ ಒಂದ ಲಾಟ್. ಅವನ ಕೆಳಗ ನೇರ 10.50. ಮಾರಾವ 16 ಕ್ಕ ಕುಂತಾನ. ಯಾರೋ ಅವಸರದಾಗ ಒಂದು ಲಾಟ್ ಮಾರ್ಕೆಟ್ ರೇಟಿಗೆ ಒಗದ್ರು, 13 ಕ್ಕ ಸೌದೆ ಆತು. ಸ್ಟಾಕ್ ಅಲ್ಲಾಡೇ ಇಲ್ಲ, ಆದ್ರ ಆಪ್ಷನ್ನಿನ ಎಲ್‌ಟಿಪಿ, ಅಂದ್ರ ಕಡೇ ಸೌದೆಯ ರೇಟು, 13 ಆತು. ಸ್ಟಾಪ್ ಟ್ರಿಗರ್ ಆತು. 13.50 ಕ್ಕ ಮಾರೂ ಆರ್ಡರ್ ಎಕ್ಸ್‌ಚೇಂಜಿಗೆ ಹೋತು. ಅಲ್ಲಿ ಈಗ ಕೊಳ್ಳಾವ 10.50 ಕ್ಕ ಅದಾನ. ಆರ್ಡರ್ ಹಂಗ ಕುಂತ್ತು.

ಇನ್ನ ಮುಂದಿನ ಅನ್ಯಾಯ ಕೇಳ್ರಿ. ಒಂದು ಕಡೆ ಟ್ರಿಗರ್ ಆತಂತ ಟಾರ್ಗೆಟ್ ಆರ್ಡರ್ ರದ್ದು. ಮಾರಾಟ ಆದ ಮ್ಯಾಲ ರದ್ದು ಮಾಡಬೇಕಿತ್ತು, ಟ್ರಿಗರ್ ಆದ ಕೂಡಲೇ ಮಾಡಿಬಿಟ್ರು. ಎಕ್ಸ್‌ಚೇಂಜಿನ್ಯಾಗ ಆ ಲಿಮಿಟ್ ಆರ್ಡರ್ ಒಂದ ದಿನದ್ದು, 3:30 ಕ್ಕ ಅದೂ ಸತ್ತು. ಮರುದಿನ ಸ್ಟಾಕ್ ಬಿದ್ದು ಕೊಳ್ಳಾವ 6 ಕ್ಕ ಬಂದಾಗ ಟಾರ್ಗೆಟ್ಟೂ ಇಲ್ಲ, ಸ್ಟಾಪೂ ಇಲ್ಲ. 3,250 ರೂಪಾಯಿಗೆ ನಿಲ್ಲಬೇಕಾದ ಲುಕ್ಸಾನ 7,000 ಆತು. ಆ್ಯಪಿನ್ಯಾಗ ಮಾತ್ರ ‘Triggered’ ಅಂತ ಚಂದಾಗಿ ಬರದಿರತೈತಿ.

ಇದರ ಉಲ್ಟಾನೂ ಆಗತೈತಿ, ಅದು ಇನ್ನೂ ಕೆಟ್ಟದ್ದು. ಕಡೇ ಸೌದೆ 16.20 ಕ್ಕ ಆಗಿರತೈತಿ. ಸ್ಟಾಕ್ ಬೀಳತೈತಿ, ಕೊಳ್ಳಾವ 7.50 ಕ್ಕ ಇಳೀತಾನ, ಮಾರಾವ 11 ಕ್ಕ. ಸೌದೆ ಒಂದೂ ಆಗಂಗಿಲ್ಲ, ಎಲ್‌ಟಿಪಿ 16.20 ದಾಗ ನಿಂತಿರತೈತಿ. ಸ್ಟಾಪಿಗೆ ಸುದ್ದೀನ ಮುಟ್ಟಂಗಿಲ್ಲ.

ಸ್ಟಾಪ್ ಲಾಸ್ ಮಾರ್ಕೆಟ್ ಆರ್ಡರ್ ಹಾಕಿದ್ರಾತು ಅನ್ನಾವ್ರಿಗೆ: ಆಪ್ಷನ್ನಿಗೆ ಅದನ್ನ ಎನ್‌ಎಸ್‌ಇ 2021 ರ ಸೆಪ್ಟೆಂಬರ್‌ದಾಗ ನಿಲ್ಲಿಸೇತಿ. ಖಾಲಿ ಬುಕ್ಕಿನ್ಯಾಗ ಅದು ಎಲ್ಲಿ ಕೊಳ್ಳಾವ ಸಿಗತಾನ ಅಲ್ಲಿ ತನಕ ಇಳದು ಮಾರತಿತ್ತು, ಹಂಗಾಗಿ ಆ ನಿರ್ಧಾರದ ಮ್ಯಾಲ ನನಗ ತಕರಾರಿಲ್ಲ.

ಈ ಓಸಿಓದಂಗ ರದ್ದು ಮಾಡೂತನಕ ಜೀವಂತ ಇರೂ ಆರ್ಡರ್ ಐತಲ್ಲ, ಅದನ್ನ ಬ್ರೋಕರ್ ತನ್ನ ಕಡೆ ಇಟ್ಟಕೊಂಡಿರತಾನ. ನೀವು ಕೈಯಿಂದ ಮಾರಿ ಹೊರಗ ಬಂದ್ರೂ ಅದು ತಾನಾಗಿ ಹೋಗತೈತಿ ಅಂತ ತಿಳಕೋಬ್ಯಾಡ್ರಿ. ಹತ್ತು ದಿನದ ಮ್ಯಾಲ ಆ ರೇಟು ಬಂದ್ರ, ನಿಮ್ಮ ಕಡೆ ಇಲ್ಲದ ಕಾಲ್ ಮಾರಿಬಿಡತೈತಿ. ಮಾರ್ಜಿನ್ ಸಾಲದಿದ್ರ ರಿಜೆಕ್ಟ್ ಆಗಿ ಉಳಕೋತೀರಿ. ಖಾತೇದಾಗ ರೊಕ್ಕ ಇದ್ರ ಬರಿಗೈ ಶಾರ್ಟ್ ನಿಮ್ಮ ಕೊರಳಿಗೆ ಬೀಳತೈತಿ.

ಹಿಂತಾ ಕಡೆ ಟ್ರಿಗರ್ ಆಪ್ಷನ್ನಿನ ಎಲ್‌ಟಿಪಿ ಮ್ಯಾಲ ಇಡಬಾರದು, ಸ್ಟಾಕಿನ ರೇಟಿನ ಮ್ಯಾಲ ಇಡಬೇಕು. ‘ಸ್ಟಾಕ್ 940 ರ ಕೆಳಗ ಬಂದ್ರ ಈ ಕಾಲ್ ಮಾರು’ ಅನ್ನೂ ಷರತ್ತು. ಸ್ಟಾಕಿನ್ಯಾಗ ಸೌದೆ ಎಡೆಬಿಡದ ನಡದಿರತಾವು, ಒಂದು ಲಾಟಿನ ಪೆಟ್ಟಿಗೆ ಅದು ಸುಳ್ಳು ಟ್ರಿಗರ್ ಕೊಡಂಗಿಲ್ಲ. ಲಿಮಿಟ್ ಇಡೂಕಿಂತ ಮೊದಲ ಹನ್ನೊಂದರ ಸುಮಾರು ಡೆಪ್ತ್ ನೋಡ್ರಿ. 9:15 ಕ್ಕ ಬ್ಯಾಡ, ಆವಾಗ ಬುಕ್ ಇನ್ನೂ ತುಂಬಿರಂಗಿಲ್ಲ. ಕೊಳ್ಳಾವಗ ಮಾರಾವಗ 3 ರೂಪಾಯಿ ಅಂತರ ಇದ್ರ, 14 ರ ಟ್ರಿಗರಿಗೆ 13.50 ಲಿಮಿಟ್ ಇಟ್ಟು ಉಪಯೋಗಿಲ್ಲ, 10 ಕ್ಕರ ಇಡಬೇಕು. 10 ಅಂದ್ರ 10 ಕ್ಕ ಮಾರತೈತಿ ಅಂತಲ್ಲ, ಮ್ಯಾಲಿನ ಕೊಳ್ಳಾವ ಇದ್ರ ಮೊದಲು ಅವನಿಗೇ ಹೋಗತೈತಿ. ಆದ್ರ ನಾಕು ಲಾಟ್ ಇದ್ರ ಮ್ಯಾಲಿನ ಕೊಳ್ಳಾವ್ರು ಮುಗದು ಕಡೇವು 10 ಕ್ಕ ಹೋಗಬಹುದು. ಆ ಲುಕ್ಸಾನ ಹಿಡಿದ ಲಾಟಿನ ಲೆಕ್ಕಾ ಮಾಡ್ರಿ. ಕೊಳ್ಳಾವ್ರ ಪ್ರಮಾಣ ನಿಮ್ಮ ಲಾಟಿಗಿಂತ ಕಡಿಮಿ ಇದ್ರ ಆ ಸ್ಟ್ರೈಕ್ ಬಿಡ್ರಿ.

ಬ್ರೋಕರ್‌ಗಳೇ, ನಾವು ಕೇಳೂದು ಇಷ್ಟ. ಟ್ರಿಗರ್ ಆಗಿ ಐದು ನಿಮಿಷ ಮಾರಾಟ ಆಗದಿದ್ರ ಫೋನ್ ಗಂಟೆ ಹೊಡೀಲಿ. ಕೊಳ್ಳಾವನ ರೇಟಿನ ಮ್ಯಾಲ ಟ್ರಿಗರ್ ಇಡೂ ಅವಕಾಶ ಕೊಡ್ರಿ. ಮಾರಾಟ ಆಗೂತನಕ ಟಾರ್ಗೆಟ್ ರದ್ದು ಮಾಡಬ್ಯಾಡ್ರಿ. ಅದಾಗೂತನಕ ಆ ಹಸಿರು ಗುರುತು ತೆಗೀರಿ.